ಕೊನೆಗೆ ಉಳಿಯುವ ಎರಡು ಲಕ್ಷ

ತಿಪಟೂರಿನಲ್ಲಿರುವ ನನ್ನ ಅಕ್ಕನ ಮಗ ತೆಂಗಿನಕಾಯಿ, ಕೊಬ್ಬರಿ ಸಾಗಿಸಲು ಸ್ವಂತದ್ದೊಂದು ಗೂಡ್ಸ್ ಗಾಡಿ ಕೊಳ್ಳಲು ಹೊರಟಿದ್ದ. ಒಂದು ಭಾನುವಾರ ಮನೆಗೆ ಬಂದವನು ಊಟವಾದ ಮೇಲೆ ಜೇಬಿನಿಂದ ಶೋರೂಮಿನವರು ಬರೆದುಕೊಟ್ಟ ಚೀಟಿ ತೆಗೆದು ನನ್ನ ಮುಂದಿಟ್ಟ. ಸಾಲ 8 ಲಕ್ಷ, ಅವಧಿ 60 ತಿಂಗಳು, ಬಡ್ಡಿ ವರ್ಷಕ್ಕೆ ಶೇ. 12. ಅದರ ಕೆಳಗೆ ಎರಡು ಕಂತುಗಳನ್ನು ಬರೆದಿದ್ದರು. ಮಾಮೂಲಿ ಕಂತು 17,796 ರೂಪಾಯಿ. ‘ಬಲೂನ್’ ಕಂತು 15,347 ರೂಪಾಯಿ, ಪಕ್ಕದಲ್ಲೇ ‘ಕೊನೆಗೆ 2 ಲಕ್ಷ’.

“ಮಾವ, ಎರಡು ಲಕ್ಷ ಕೊನೆಗೆ ಕೊಡೋದಾದ್ರೆ ಈಗ ಕಂತು ಆರು ಲಕ್ಷಕ್ಕೆ ತಾನೇ? ಆರು ಲಕ್ಷಕ್ಕೆ 13,347 ಬರುತ್ತೆ, ಮೊಬೈಲಲ್ಲಿ ನೋಡಿದೀನಿ. ಇವರು ತಿಂಗಳಿಗೆ ಎರಡು ಸಾವಿರ ಜಾಸ್ತಿ ಹಾಕಿದಾರೆ. ಇದು ಮೋಸ ಅಲ್ವಾ?”

ಮೋಸ ಅಲ್ಲ. ಆದರೆ ಅವನು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು. ಆ ಎರಡು ಸಾವಿರ ಎಲ್ಲಿಂದ ಬಂತು ಎಂದು ತಿಳಿದರೆ ಬಲೂನ್ ಸಾಲದ ಪೂರ್ತಿ ಲೆಕ್ಕ ತಿಳಿದಂತೆ.

ಮಾಮೂಲಿ ಸಾಲದಲ್ಲಿ ಪ್ರತಿ ಕಂತಿನಲ್ಲೂ ಆ ತಿಂಗಳ ಬಡ್ಡಿ ಕಳೆದು ಉಳಿದದ್ದು ಅಸಲಿಗೆ ಜಮೆಯಾಗುತ್ತದೆ. ಅಸಲು ಕರಗುತ್ತಾ ಹೋಗಿ ಅರವತ್ತನೇ ಕಂತಿಗೆ ಸೊನ್ನೆಯಾಗುತ್ತದೆ. ಬಲೂನ್ ಸಾಲದಲ್ಲಿ ಅದು ಸೊನ್ನೆಗೆ ಇಳಿಯುವುದಿಲ್ಲ, ಮೊದಲೇ ಒಪ್ಪಿಕೊಂಡ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತದೆ. ಆ ಮೊತ್ತವನ್ನು ಕೊನೆಗೆ ಒಂದೇ ಗಂಟಾಗಿ ಕಟ್ಟಬೇಕು.

ನಮ್ಮ ಕಡೆ ಒಡವೆ ಸಾಲ ಮಾಡಿದವರಿಗೆ ಇದರ ಅರ್ಧ ಭಾಗ ಆಗಲೇ ಗೊತ್ತು. ಬಳೆ ಅಡವಿಟ್ಟು ಹಣ ತಂದು, ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಅಸಲು ಇದ್ದಲ್ಲೇ ಇರುತ್ತದೆ. ಬಿಡಿಸಿಕೊಳ್ಳುವ ದಿನ ಪೂರ್ತಿ ಅಸಲು ಕೊಡಬೇಕು. ಬಲೂನ್ ಸಾಲ ಎಂದರೆ ಇಂಥದೊಂದು ಬಡ್ಡಿ-ಮಾತ್ರ ಸಾಲವನ್ನೂ ಒಂದು ಮಾಮೂಲಿ ಕಂತಿನ ಸಾಲವನ್ನೂ ಸೇರಿಸಿ ಕಟ್ಟಿದ ಗಂಟು. ನಮ್ಮ ಹುಡುಗನ 8 ಲಕ್ಷದಲ್ಲಿ 6 ಲಕ್ಷ ತಿಂಗಳು ತಿಂಗಳು ತೀರುವ ಸಾಲ. ಉಳಿದ 2 ಲಕ್ಷ ಐದು ವರ್ಷವೂ ಕದಲದೆ ಕೂರುವ ಸಾಲ. ಅದು ಕೊನೆಗೆ ಕೊಡುವ ಹಣವೇನೋ ಹೌದು, ಆದರೆ ಮೊದಲ ದಿನವೇ ಅವನ ಕೈಗೆ ಬಂದು ಗಾಡಿಯಾಗಿ ಓಡುತ್ತಿರುತ್ತದೆ. ಅದಕ್ಕೂ ಬಡ್ಡಿ ಕೊಡಲೇಬೇಕು.

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ ಶೇ. 12 ಎಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಈ ದರದಲ್ಲಿ 60 ತಿಂಗಳಿಗೆ ಒಂದು ಲಕ್ಷ ತೀರಿಸಲು ತಿಂಗಳಿಗೆ 2,224 ರೂಪಾಯಿ 44 ಪೈಸೆ ಬೇಕು. ಸಾಲ ಕೊಡುವವರು ‘ಲಕ್ಷಕ್ಕೆ ಇಷ್ಟು’ ಎಂದು ಹೇಳುವ ಅಂಕಿ ಇದೇ. ಮೊಬೈಲಿನ ಯಾವುದೇ ಇಎಂಐ ಕ್ಯಾಲ್ಕುಲೇಟರಿಗೆ ಒಂದು ಲಕ್ಷ ಎಂದು ಕೊಟ್ಟರೂ ಸಿಗುತ್ತದೆ. ಇದನ್ನು ಆರರಿಂದ ಗುಣಿಸಿದರೆ 13,347. ಇಲ್ಲಿಯವರೆಗೆ ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಇನ್ನು ಕದಲದ 2 ಲಕ್ಷಕ್ಕೆ ತಿಂಗಳ ಬಡ್ಡಿ 2,000. ಎರಡನ್ನೂ ಕೂಡಿದರೆ 15,347. ಚೀಟಿಯಲ್ಲಿದ್ದ ಅಂಕಿ ಇದೇ. ಬಲೂನ್ ಮೊತ್ತ ಎಷ್ಟಿದ್ದರೂ, ದರ ಯಾವುದಿದ್ದರೂ ದಾರಿ ಇದೊಂದೇ: ಸಾಲದಿಂದ ಬಲೂನನ್ನು ಕಳೆದು ಉಳಿದದ್ದಕ್ಕೆ ಕಂತು ಕಟ್ಟಿ, ಅದಕ್ಕೆ ಬಲೂನಿನ ಒಂದು ತಿಂಗಳ ಬಡ್ಡಿ ಸೇರಿಸುವುದು.

ಪುಸ್ತಕಗಳಲ್ಲಿ ಇದನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ಐದು ವರ್ಷದ ನಂತರ ಬರಬೇಕಾದ 2 ಲಕ್ಷಕ್ಕೆ ಇವತ್ತಿನ ಬೆಲೆ ಎಷ್ಟು? ಇದೇ ದರದಲ್ಲಿ ಇವತ್ತು 1,10,090 ರೂಪಾಯಿ ಇಟ್ಟರೆ 60 ತಿಂಗಳಿಗೆ ಬಡ್ಡಿಗೆ ಬಡ್ಡಿ ಸೇರಿ 2 ಲಕ್ಷವಾಗುತ್ತದೆ. ಹಾಗಾಗಿ ಆ 1,10,090ನ್ನು ಬಲೂನ್ ತೀರಿಸುತ್ತದೆ, ಉಳಿದ 6,89,910ನ್ನು ಕಂತುಗಳು ತೀರಿಸಬೇಕು ಎನ್ನುವುದು ಆ ವಾದ. ಲಕ್ಷಕ್ಕೆ 2,224.44ರಂತೆ ಅದಕ್ಕೂ 15,347 ರೂಪಾಯಿಯೇ ಬರುತ್ತದೆ. ತಾಳೆ ನೋಡಲು ಇದು ಒಳ್ಳೆಯದು. ಆದರೆ ತಿಂಗಳ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು ಮೊದಲಿನ ದಾರಿಯಲ್ಲೇ ಕಣ್ಣಿಗೆ ಕಾಣುತ್ತದೆ ಎಂದು ನನ್ನ ಅನಿಸಿಕೆ.

ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದವರಿಗೆ ಒಂದೇ ಸಾಲು ಸಾಕು:

```
=PMT(0.12/12,60,-800000,200000)
```

ಕೊನೆಯ ಅಂಕಿಯೇ ಬಲೂನ್. ಇಲ್ಲಿ ಬಹಳ ಜನ ಎಡವುವುದು ಚಿಹ್ನೆಯಲ್ಲಿ. ಸಾಲದ ಹಿಂದೆ ಮೈನಸ್ ಇದ್ದರೆ ಬಲೂನಿಗೆ ಇರಬಾರದು, ಸಾಲಕ್ಕೆ ಇಲ್ಲದಿದ್ದರೆ ಬಲೂನಿಗೆ ಇರಬೇಕು. ಎರಡಕ್ಕೂ ಮೈನಸ್ ಹಾಕಿದರೆ 20,244 ಎಂದು ತೋರಿಸುತ್ತದೆ. ತಪ್ಪು ಹಿಡಿಯುವುದು ಸುಲಭ: ಬಲೂನ್ ಇಟ್ಟ ಮೇಲೆ ಕಂತು ಮಾಮೂಲಿ ಕಂತಿಗಿಂತ ಕಡಿಮೆ ಇರಬೇಕು, ಮತ್ತು ಬಲೂನ್ ಕಳೆದು ಉಳಿದ ಸಾಲದ ಕಂತಿಗಿಂತ ಹೆಚ್ಚಿರಬೇಕು. ನಮ್ಮ ಉದಾಹರಣೆಯಲ್ಲಿ 13,347 ಮತ್ತು 17,796ರ ನಡುವೆ. ಅದರ ಆಚೆ ಈಚೆ ಏನು ಬಂದರೂ ಎಲ್ಲೋ ಕೈ ತಪ್ಪಿದೆ ಎಂದೇ ಅರ್ಥ.

ಇನ್ನೊಂದು ಸಣ್ಣ ವಿಷಯವೂ ಅಂಕಿ ಬದಲಿಸುತ್ತದೆ. ಬಲೂನ್ ಬರುವುದು ಅರವತ್ತನೇ ಕಂತಿನ ಜೊತೆಗೋ, ಅದರ ಬದಲಿಗೋ? ಮೇಲಿನ ಲೆಕ್ಕ ಜೊತೆಗೆ ಎಂದು ಹಿಡಿದದ್ದು. ಐವತ್ತೊಂಬತ್ತೇ ಕಂತು ಕಟ್ಟಿ ಅರವತ್ತನೆಯದರ ಜಾಗದಲ್ಲಿ 2 ಲಕ್ಷ ಕೊಡುವುದಾದರೆ ಕಂತು 15,537 ಆಗುತ್ತದೆ. ಶೋರೂಮಿನ ಅಂಕಿಗೂ ನಮ್ಮ ಅಂಕಿಗೂ ನೂರಿನ್ನೂರು ರೂಪಾಯಿ ವ್ಯತ್ಯಾಸ ಬಂದರೆ ಮೊದಲು ಕೇಳಬೇಕಾದದ್ದು ಇದನ್ನೇ.

ಕಂತು ತಾಳೆಯಾದ ಮೇಲೆ ಹುಡುಗ ಸ್ವಲ್ಪ ಸಮಾಧಾನವಾದ. “ಹಾಗಾದ್ರೂ ತಿಂಗಳಿಗೆ 2,449 ಉಳೀತಲ್ಲ ಮಾವ.” ಉಳಿಯುತ್ತದೆ, ನಿಜ. ಗಾಡಿಯ ಮೊದಲ ವರ್ಷದಲ್ಲಿ ಅದು ಸಣ್ಣ ಹಣವಲ್ಲ. ಆದರೆ ಅರವತ್ತು ತಿಂಗಳಿಗೆ ಹಾಗೆ ಉಳಿಯುವುದು ಒಟ್ಟು 1,46,933 ರೂಪಾಯಿ, ಕೊನೆಗೆ ಕೊಡಬೇಕಾದದ್ದು 2 ಲಕ್ಷ. ನಡುವಿನ 53,067 ರೂಪಾಯಿ ಹೆಚ್ಚಿನ ಬಡ್ಡಿ. ಮಾಮೂಲಿ ಸಾಲದಲ್ಲಿ ಒಟ್ಟು ಬಡ್ಡಿ 2,67,733 ಆದರೆ ಬಲೂನ್ ಸಾಲದಲ್ಲಿ ಅದು 3,20,800.

“ಉಳಿದಿದ್ದನ್ನ ಆರ್‌ಡಿ ಕಟ್ತೀನಿ, ಕೊನೆಗೆ ಅದೇ ಎರಡು ಲಕ್ಷ ಆಗುತ್ತೆ” ಎಂದ. ಕಾಗದದ ಮೇಲೆ ಹಾಕಿ ನೋಡಿದೆವು. ಆರ್‌ಡಿ ಸಹ ಶೇ. 12 ಕೊಟ್ಟರೆ ಆ 2,449 ಸರಿಯಾಗಿ 2 ಲಕ್ಷವಾಗುತ್ತದೆ. ಶೇ. 6 ಎಂದುಕೊಂಡರೆ ಸುಮಾರು 1,71,000 ಅಷ್ಟೇ, 29,000 ಕಡಿಮೆ. ಶೇ. 6ರಲ್ಲಿ 2 ಲಕ್ಷ ಕೂಡಬೇಕಾದರೆ ತಿಂಗಳಿಗೆ 2,867 ಕಟ್ಟಬೇಕು. ಆಗ ಕಂತೂ ಆರ್‌ಡಿಯೂ ಸೇರಿ 18,214 ಆಗುತ್ತದೆ, ಮಾಮೂಲಿ ಕಂತಿಗಿಂತ ನಾನೂರು ಹೆಚ್ಚು. ಸಾಲದ ಬಡ್ಡಿಗಿಂತ ಉಳಿತಾಯದ ಬಡ್ಡಿ ಕಡಿಮೆ ಇರುವವರೆಗೂ ಈ ಕೊರತೆ ತಪ್ಪದು.

ಅದಕ್ಕಿಂತ ನನಗೆ ಹೆಚ್ಚು ಚಿಂತೆ ಹಚ್ಚಿದ್ದು ನಡುದಾರಿಯ ಬಾಕಿ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಬಲೂನ್ ಸಾಲದಲ್ಲಿ 4,83,528 ರೂಪಾಯಿ ಬಾಕಿ ಇರುತ್ತದೆ. ಮಾಮೂಲಿ ಸಾಲದಲ್ಲಾದರೆ 3,78,038. ಬಾಡಿಗೆ ಓಡಿಸುವ ಗಾಡಿ, ಮೂರು ವರ್ಷಕ್ಕೆ ಸವೆದಿರುತ್ತದೆ. ಆಗ ಮಾರಬೇಕಾಗಿ ಬಂದರೆ ಸಿಗುವ ಬೆಲೆ ಸಾಲಕ್ಕೆ ಸಾಲದೆ ಹೋಗಬಹುದು. ಅಪಘಾತದಲ್ಲಿ ಗಾಡಿ ಪೂರ್ತಿ ಹೋದರೆ ವಿಮೆಯವರು ಕೊಡುವುದು ಪಾಲಿಸಿಯಲ್ಲಿ ಘೋಷಿಸಿದ ಬೆಲೆಯ ಲೆಕ್ಕದಲ್ಲಿ, ಸಾಲದ ಬಾಕಿಯ ಲೆಕ್ಕದಲ್ಲಿ ಅಲ್ಲ. ಕೊರತೆ ಸಾಲಗಾರನ ತಲೆಗೇ. ಕೊನೆಯ ಕಂತು ಮುಗಿದರೂ ಬಲೂನ್ ಕಟ್ಟುವವರೆಗೆ ಸಾಲ ಕೊಟ್ಟವರು ಎನ್‌ಒಸಿ ಕೊಡುವುದಿಲ್ಲ, ಆರ್‌ಸಿಯಿಂದ ಅವರ ಹೆಸರು ಹೋಗುವುದಿಲ್ಲ.

“ಆಗ ಇನ್ನೊಂದು ಸಾಲ ಮಾಡಿದ್ರಾಯ್ತು” ಎನ್ನುವ ಧೈರ್ಯ ಎಲ್ಲರಿಗೂ ಇರುತ್ತದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಮನೆ ಕೊಂಡವರಿಗೂ ಇತ್ತು. ಆಗಿನ ಮನೆ ಸಾಲಗಳು ಬಹುಪಾಲು ಐದರಿಂದ ಹತ್ತು ವರ್ಷದವು. ಎಷ್ಟೋ ಸಾಲಗಳಲ್ಲಿ ಬಡ್ಡಿ ಮಾತ್ರ ಕಟ್ಟಿ, ಅವಧಿ ಮುಗಿದಾಗ ಅಸಲಿಗೆ ಹೊಸ ಸಾಲ ಬರೆಸಿಕೊಳ್ಳುವುದೇ ರೂಢಿ. 1929ರ ನಂತರದ ಮಹಾಕುಸಿತದಲ್ಲಿ ಮನೆಗಳ ಬೆಲೆ ಬಿತ್ತು, ಬ್ಯಾಂಕುಗಳು ಹೊಸ ಸಾಲ ಬರೆಯಲು ಒಪ್ಪಲಿಲ್ಲ. ಕಂತು ತಪ್ಪಿಸದಿದ್ದವರೂ ಮನೆ ಕಳೆದುಕೊಂಡರು. 1933ರಲ್ಲಿ ಸರ್ಕಾರವೇ ಗೃಹಸಾಲ ನಿಗಮವೊಂದನ್ನು ಮಾಡಿ ಸುಮಾರು ಹತ್ತು ಲಕ್ಷ ಸಾಲಗಳನ್ನು ಕೊಂಡು, ಅಸಲು ಸೊನ್ನೆಗಿಳಿಯುವ ದೀರ್ಘಾವಧಿ ಕಂತುಗಳಿಗೆ ಬದಲಿಸಬೇಕಾಯಿತು.

ನಮ್ಮಲ್ಲಿ ಸಹಿ ಹಾಕುವ ಮುನ್ನ ನೋಡಲು ಒಂದು ಕಾಗದವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕು. ಅದರ ಜೊತೆ ತಿಂಗಳುವಾರು ಕಂತಿನ ಪಟ್ಟಿಯೂ ಇರಬೇಕು. ಪಟ್ಟಿಯ ಮೊದಲ ಸಾಲಿನಲ್ಲಿ ನಮ್ಮ ಸಾಲಕ್ಕೆ ಬಡ್ಡಿ 8,000, ಅಸಲಿಗೆ 7,347 ಇರಬೇಕು. ಅರವತ್ತನೆಯ ಸಾಲಿನಲ್ಲಿ ಬಡ್ಡಿ 2,132 ಇದ್ದು, ಬಾಕಿ ಸರಿಯಾಗಿ 2,00,000ಕ್ಕೆ ನಿಲ್ಲಬೇಕು. ಬಾಕಿ ಅದಕ್ಕಿಂತ ಹೆಚ್ಚು ಉಳಿದಿದ್ದರೆ ಎಲ್ಲೋ ಶುಲ್ಕವನ್ನು ಅಸಲಿಗೆ ಸೇರಿಸಿದ್ದಾರೆ, ಇಲ್ಲವೇ ದರ ಬೇರೆ ಇದೆ.

ಹುಡುಗ ಆ ಸಂಜೆ ನನ್ನ ಪೆನ್ನು ತೆಗೆದುಕೊಂಡು ಚೀಟಿಯ ಹಿಂದೆ ತಾನೇ ಇನ್ನೊಂದು ಲೆಕ್ಕ ಹಾಕಿದ. ಬಲೂನ್ ಒಂದೇ ಲಕ್ಷ. ಏಳು ಲಕ್ಷಕ್ಕೆ ಕಂತು 15,571, ಒಂದು ಲಕ್ಷಕ್ಕೆ ಬಡ್ಡಿ ಒಂದು ಸಾವಿರ, ಒಟ್ಟು 16,571. ಮಾರನೇ ದಿನ ಶೋರೂಮಿನಿಂದ ಫೋನ್ ಮಾಡಿದ. “ಮಾವ, ಅವರ ಕಂಪ್ಯೂಟರಲ್ಲೂ 16,571 ಬಂತು.”