ರೆಗ್ಯುಲೇಟರಿನ ಬುಡದಲ್ಲಿ ಅನಿಲ ಸೋರಿದಾಗ

ಎಂಟು ಅಡಿಗೆ ಹತ್ತು ಅಡಿಯ ಅಡುಗೆಮನೆಯೊಂದನ್ನು ಊಹಿಸಿಕೊಳ್ಳೋಣ. ಕಟ್ಟೆಯ ಕೆಳಗೆ ಸಿಲಿಂಡರ್, ಪಕ್ಕದಲ್ಲಿ ಫ್ರಿಜ್, ಎತ್ತರದಲ್ಲೊಂದು ಚಿಕ್ಕ ಕಿಟಕಿ. ಇನ್ನೂ ಬೆಳಕು ಹರಿದಿಲ್ಲ. ಮನೆಯ ತಾಯಿ ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಿ ಗುಂಡಿ ತಿರುಗಿಸಿದೊಡನೆ ಬುಡದಲ್ಲಿ ಬುಸ್ಸೆಂಬ ಸದ್ದಾಗಿ ದುರ್ವಾಸನೆ ಹರಡುತ್ತದೆ.

ಆಗ ಕೈ ತಾನಾಗಿ ದೀಪದ ಸ್ವಿಚ್ಚಿನತ್ತ ಚಾಚುತ್ತದೆ. ತಡೆಯಬೇಕಾದುದು ಅದನ್ನೇ. ಸ್ವಿಚ್ ಹಾಕುವಾಗಲೂ ಆರಿಸುವಾಗಲೂ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಅನಿಲ ಬೆರೆತಿದ್ದರೂ ಹೊತ್ತಿಕೊಳ್ಳಲು ಸಾಕು. ಆದುದರಿಂದ ಉರಿಯುತ್ತಿರುವ ಬಲ್ಬು ಹಾಗೆಯೇ ಉರಿಯಲಿ, ಆರಿರುವುದು ಆರಿಯೇ ಇರಲಿ. ಹೊಗೆ ಹೊರದೂಡುವ ಫ್ಯಾನನ್ನೂ ಹಾಕಬಾರದು.

ಮೊದಲು ರೆಗ್ಯುಲೇಟರಿನ ಗುಂಡಿಯನ್ನು ಮುಚ್ಚುವ ಕಡೆಗೆ ತಿರುಗಿಸಬೇಕು. ಆಗ ಸಿಲಿಂಡರಿನ ಕವಾಟದೊಳಗಿನ ಸೂಜಿ ಮೇಲೆದ್ದು ದಾರಿ ಮುಚ್ಚುತ್ತದೆ. ಬಹುಪಾಲು ಸದ್ದು ಅಲ್ಲಿಗೇ ನಿಲ್ಲುತ್ತದೆ. ಒಲೆ, ಹಣತೆ, ಊದುಬತ್ತಿ ಉರಿಯುತ್ತಿದ್ದರೆ ನಂದಿಸಬೇಕು. ಬಳಿಕ ರೆಗ್ಯುಲೇಟರಿನ ಕಪ್ಪು ಉಂಗುರವನ್ನು ಮೇಲೆತ್ತಿ ಅದನ್ನು ಕಳಚಿ, ದಾರದಲ್ಲಿ ನೇತಾಡುವ ಸುರಕ್ಷಾ ಮುಚ್ಚಳವನ್ನು ಕವಾಟಕ್ಕೆ ಒತ್ತಿ ಕೂರಿಸಬೇಕು. ಈ ಮುಚ್ಚಳವನ್ನು ಕತ್ತರಿಸಿ ಎಸೆಯುವ ಅಭ್ಯಾಸ ಹಲವು ಮನೆಗಳಲ್ಲಿದೆ. ಬೇಕಾಗುವುದು ಇಂತಹ ಗಳಿಗೆಯಲ್ಲಿಯೇ.

ಈ ಅನಿಲ ಗಾಳಿಗಿಂತ ಭಾರ. ಅದು ನೆಲದ ಮೇಲೆ, ಕಟ್ಟೆಯ ಕೆಳಗೆ ನೀರಿನಂತೆ ನಿಲ್ಲುತ್ತದೆ. ಎತ್ತರದ ಕಿಟಕಿಯೊಂದನ್ನೇ ತೆರೆದರೆ ಸಾಲದು. ನೆಲದ ಮಟ್ಟದ ಬಾಗಿಲುಗಳನ್ನೆಲ್ಲ ತೆರೆದು, ಮಕ್ಕಳನ್ನೂ ವೃದ್ಧರನ್ನೂ ಹೊರಗೆ ಕರೆದೊಯ್ಯಬೇಕು. ಫ್ರಿಜ್ ತಾನಾಗಿಯೇ ಚಾಲೂ ಆಗುವ ಯಂತ್ರ. ವಿದ್ಯುತ್ ಫಲಕ ಮನೆಯ ಹೊರಗಿದ್ದರೆ ಅಲ್ಲಿಂದ ಮೇನ್ ಆರಿಸಬಹುದು, ಒಳಗಿದ್ದರೆ ಮುಟ್ಟಬಾರದು. ಹೊರಗೆ ದೂರ ಹೋದ ಮೇಲೆ 1906ಕ್ಕೆ ಕರೆಮಾಡಬೇಕು. ಅನಿಲ ಸೋರಿಕೆಗೆಂದೇ ಇರುವ ಈ ಸಹಾಯವಾಣಿ ಹಗಲಿರುಳೂ ದೊರೆಯುತ್ತದೆ.

ವಾಸನೆ ಹೋಯಿತೆಂದು ಬೇಗನೆ ಒಳಹೋಗುವುದು ಸಲ್ಲ. ಕೆಲಹೊತ್ತಿನಲ್ಲಿ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ತಲೆ ಸುತ್ತಿದವರನ್ನು ತೆರೆದ ಗಾಳಿಯಲ್ಲಿ ಕೂರಿಸಬೇಕು; ಉಸಿರಾಟ ಕಷ್ಟವಾದರೆ, ಎಚ್ಚರ ತಪ್ಪಿದರೆ ಆಸ್ಪತ್ರೆಗೆ ಒಯ್ಯಬೇಕು. ಚಿಮ್ಮಿದ ಅನಿಲ ತಗುಲಿ ಬೆರಳು ಮರಗಟ್ಟಿದ್ದರೆ ಉಜ್ಜದೆ ಉಗುರುಬೆಚ್ಚಗಿನ ನೀರಿನಲ್ಲಿ ಇರಿಸಬೇಕು.

ನಮ್ಮ ಉದಾಹರಣೆಯಲ್ಲಿ ದೋಷವಿದ್ದುದು ರೆಗ್ಯುಲೇಟರಿನಲ್ಲಲ್ಲ. ಕವಾಟದ ಬಾಯೊಳಗೆ ಕಪ್ಪು ರಬ್ಬರಿನ ಚಿಕ್ಕ ವಾಷರ್ ಒಂದಿರುತ್ತದೆ. ಅದು ಸವೆದಿದ್ದರೆ, ಬಿರಿದಿದ್ದರೆ ಅಥವಾ ಇಲ್ಲದಿದ್ದರೆ, ಗುಂಡಿ ತೆರೆದಾಗ ಮಾತ್ರ ಬುಡದಲ್ಲಿ ಅನಿಲ ಸೋರುತ್ತದೆ. ಗುಂಡಿ ಮುಚ್ಚಿದರೂ, ರೆಗ್ಯುಲೇಟರ್ ಕಳಚಿದರೂ ಸದ್ದು ನಿಲ್ಲದಿದ್ದರೆ ಕವಾಟದ ಸೂಜಿಯೇ ಕೆಟ್ಟಿದೆಯೆಂದು ಅರ್ಥ. ಅದನ್ನು ಮೊಳೆಯಿಂದ ಕೆದಕಲು ಹೋಗಬಾರದು. ಸಿಲಿಂಡರ್ ತರುವವರ ಎದುರಿನಲ್ಲಿಯೇ ಮುಚ್ಚಳ ತೆಗೆಸಿ ವಾಷರ್ ನೋಡಿಸಿ, ರೆಗ್ಯುಲೇಟರ್ ಕೂರಿಸಿದ ಮೇಲೆ ಬುಡಕ್ಕೆ ಸೋಪಿನ ನೀರು ಸವರಿಸಿರಿ. ಗುಳ್ಳೆ ಎದ್ದರೆ ಆ ಸಿಲಿಂಡರನ್ನು ಹಿಂದಕ್ಕೆ ಕಳುಹಿಸಿರಿ.