ಹೇಗೂ ಕೂತಿದ್ದೀರಲ್ಲ, ಇದನ್ನೂ ಹಾಕಿಬಿಡಿ

ದಾವಣಗೆರೆಯ ಒಂದು ಬಟ್ಟೆ ಅಂಗಡಿ ಎಂದಿಟ್ಟುಕೊಳ್ಳಿ. ಕೈಬರಹದ ಲೆಕ್ಕವನ್ನು ಟ್ಯಾಲಿಗೆ ತರಲು ಮಾಲೀಕರು ಒಬ್ಬ ಸಲಹೆಗಾರ್ತಿಯನ್ನು ಗೊತ್ತುಮಾಡಿದ್ದಾರೆ. 24 ದಿನದ ಕೆಲಸ, ದಿನಕ್ಕೆ 2,500 ರೂಪಾಯಿಯಂತೆ 60,000, ಜಿಎಸ್‌ಟಿ ಬೇರೆ. ಹದಿನಾರನೆಯ ದಿನ ಸಂಜೆ ಮಾಲೀಕರಿಂದ ಇಮೇಲ್ ಬರುತ್ತದೆ: "ಮೇಡಂ, ಹೇಗೂ ಕೂತಿದ್ದೀರಲ್ಲ, ಹರಿಹರದ ಅಂಗಡಿಯ ಸ್ಟಾಕನ್ನೂ ಹಾಕಿಬಿಡಿ. ಅಲ್ಲಿನ ಹುಡುಗರಿಗೂ ಸ್ವಲ್ಪ ಹೇಳಿಕೊಡಿ."

ಐಟಿ ಮಂದಿ ಇದಕ್ಕೆ 'ಸ್ಕೋಪ್ ಕ್ರೀಪ್' ಎನ್ನುತ್ತಾರೆ. ಒಪ್ಪಿದ ಕೆಲಸದ ಗಡಿ ಸದ್ದಿಲ್ಲದೆ ಹಿಗ್ಗುತ್ತಾ ಹೋಗುವುದು. ಮಾಲೀಕರಲ್ಲಿ ದುರುದ್ದೇಶವಿಲ್ಲ, ಅವರ ಕಣ್ಣಿಗೆ ಎರಡೂ ಅಂಗಡಿ ಒಂದೇ ವ್ಯಾಪಾರ. ಆ 'ಸ್ವಲ್ಪ' ಎಷ್ಟೆಂದು ಅವರು ಎಣಿಸಿಲ್ಲ, ಅಷ್ಟೆ. ಎಣಿಸುವುದು ಸಲಹೆಗಾರ್ತಿಯ ಕೆಲಸ.

ಹರಿಹರದಲ್ಲಿ 1,200 ಬಗೆಯ ಸರಕಿದೆ. ಚೀಟಿ ನೋಡಿ, ಸರಕಿನೊಂದಿಗೆ ತಾಳೆಹಾಕಿ ನಮೂದಿಸಿದರೆ ದಿನಕ್ಕೆ 150 ಆಗುತ್ತದೆ. ಅಂದರೆ ಎಂಟು ದಿನ. ತರಬೇತಿಗೆ ಇನ್ನೊಂದು ದಿನ. ಒಂಬತ್ತು ದಿನಕ್ಕೆ 22,500 ರೂಪಾಯಿ. ನೋಂದಣಿ ಇರುವ ಸಲಹೆಗಾರರಾದರೆ ಅದರ ಮೇಲೆ ಶೇ. 18ರಷ್ಟು ಜಿಎಸ್‌ಟಿ 4,050 ಸೇರಿ 26,550. ಇಷ್ಟು ಎಣಿಸಿದ ಮೇಲೆಯೇ ಉತ್ತರ ಬರೆಯಬೇಕು, ಅದೂ ಆ ಕೆಲಸಕ್ಕೆ ಕೈಹಾಕುವ ಮೊದಲು. ಎರಡು ದಿನ ಹರಿಹರದಲ್ಲಿ ಕೂತು ಬಂದಮೇಲೆ ದುಡ್ಡಿನ ಮಾತೆತ್ತಿದರೆ, ನ್ಯಾಯವಾದ ಬೇಡಿಕೆಯೂ ತಗಾದೆಯಂತೆ ಕೇಳುತ್ತದೆ.

ಉತ್ತರ ಹೀಗಿರಬಹುದು:

"ನಮಸ್ಕಾರ ಸರ್. ಹರಿಹರದ ಸ್ಟಾಕ್ ಕೂಡ ಟ್ಯಾಲಿಗೆ ಬಂದರೆ ಎರಡೂ ಕಡೆಯ ಸರಕು ನಿಮಗೆ ಒಂದೇ ಕಡೆ ಕಾಣುತ್ತದೆ, ಒಳ್ಳೆಯ ಯೋಚನೆ. ನಮ್ಮ ಒಪ್ಪಂದದ ಪಟ್ಟಿಯಲ್ಲಿ ದಾವಣಗೆರೆ ಅಂಗಡಿಯ ಸ್ಟಾಕ್ ಮತ್ತು ತರಬೇತಿ ಮಾತ್ರ ಇದೆ. ಹರಿಹರದ್ದಕ್ಕೆ ಹೆಚ್ಚುವರಿ ಒಂಬತ್ತು ದಿನ ಬೇಕು; ಶುಲ್ಕ 22,500 ರೂಪಾಯಿ, ಜಿಎಸ್‌ಟಿ ಸೇರಿ 26,550. ಈಗಲೇ ಶುರುಮಾಡಿದರೆ ದಾವಣಗೆರೆಯ ಕೆಲಸ ಮುಗಿಯುವುದು ಒಂಬತ್ತು ದಿನ ತಡವಾಗುತ್ತದೆ. ಬೇಡವೆಂದರೆ ಮೊದಲು ಇದನ್ನು ಮುಗಿಸಿ ಆಮೇಲೆ ಹರಿಹರಕ್ಕೆ ಹೋಗುತ್ತೇನೆ. ಯಾವುದು ಅನುಕೂಲವೋ ತಿಳಿಸಿ. ಈ ಇಮೇಲ್‌ಗೆ 'ಒಪ್ಪಿದೆ' ಎಂದು ಬರೆದರೆ ಸಾಕು, ದಿನ ಗೊತ್ತುಮಾಡುತ್ತೇನೆ."

ಇದರಲ್ಲಿ 'ಕ್ಷಮಿಸಿ' ಇಲ್ಲ. 'ನೀವು ಒಪ್ಪಂದ ಮೀರುತ್ತಿದ್ದೀರಿ' ಎಂಬುದೂ ಇಲ್ಲ. ಕ್ಷಮೆ ಕೇಳಿದರೆ ಶುಲ್ಕ ಕೇಳುವುದೇ ತಪ್ಪೆಂದು ತಾನೇ ಒಪ್ಪಿದಂತೆ. ಆರೋಪಿಸಿದರೆ ಮಾತು ಕೆಲಸ ಬಿಟ್ಟು ಮನುಷ್ಯರ ಮೇಲೆ ತಿರುಗುತ್ತದೆ. 'ಸುಮಾರು ಇಷ್ಟಾಗಬಹುದೇನೋ' ಎಂಬ ಅಡ್ಡಗೋಡೆಯ ಮೇಲಿನ ದೀಪವೂ ಇಲ್ಲ. ಸೌಜನ್ಯ ಇರುವುದು ಬೇರೆ ಕಡೆ: ಲೆಕ್ಕ ಬಿಚ್ಚಿಟ್ಟದ್ದರಲ್ಲಿ, ಆಯ್ಕೆಯನ್ನು ಮಾಲೀಕರ ಕೈಗೇ ಕೊಟ್ಟದ್ದರಲ್ಲಿ.

ಕೊನೆಯ ಸಾಲಿನ 'ಒಪ್ಪಿದೆ' ಬರಿಯ ಶಿಷ್ಟಾಚಾರವಲ್ಲ. ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯುಮಿನಿಯಂ ನಡುವಿನ ಬಾಕ್ಸೈಟ್ ಪೂರೈಕೆಯ ವ್ಯಾಜ್ಯದಲ್ಲಿ, ಎರಡೂ ಕಡೆಯವರು ಸಹಿ ಹಾಕಿದ ವಿಧಿವತ್ತಾದ ಕಾಗದವಿಲ್ಲದಿದ್ದರೂ ಇಮೇಲ್‌ಗಳಲ್ಲೇ ಒಪ್ಪಂದ ಏರ್ಪಟ್ಟಿತ್ತೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ಒಪ್ಪಿಗೆಯಿಲ್ಲದೆ ಕೆಲಸ ಮಾಡಿಬಿಟ್ಟವರಿಗೂ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಒಂದು ದಾರಿ ಬಿಟ್ಟಿದೆ: ಪುಕ್ಕಟೆಯೆಂಬ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕು. ಆದರೆ ಪುಕ್ಕಟೆಯಲ್ಲವೆಂದು ತೋರಿಸುವ ಹೊರೆ ಕೆಲಸ ಮಾಡಿದವರ ಮೇಲೇ ಬೀಳುತ್ತದೆ. 26,550 ರೂಪಾಯಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ಒಂದು ಪದದ ಮರುತ್ತರ ಪಡೆಯುವುದೇ ಅಗ್ಗ.

ಈ ಇಮೇಲ್ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಮೂಲ ಒಪ್ಪಂದದಲ್ಲಿ 'ಅಂಗಡಿಯ ಸ್ಟಾಕ್ ನಮೂದು' ಎಂದಷ್ಟೇ ಇದ್ದು ಊರಿನ ಹೆಸರೇ ಇಲ್ಲದಿದ್ದರೆ, 'ಹರಿಹರದ್ದೂ ನಮ್ಮ ಅಂಗಡಿಯೇ ಅಲ್ಲವೇ?' ಎಂಬ ಮಾಲೀಕರ ಪ್ರಶ್ನೆಗೆ ಉತ್ತರವಿಲ್ಲ. ಆಗ 'ಪಟ್ಟಿಯಲ್ಲಿಲ್ಲ' ಎಂದು ಹಟ ಹಿಡಿಯುವ ಬದಲು, ಬರಹ ಅಸ್ಪಷ್ಟವೆಂದು ಒಪ್ಪಿಕೊಂಡು ಹೆಚ್ಚುವರಿ ದಿನಗಳ ಶುಲ್ಕವನ್ನು ಹಂಚಿಕೊಳ್ಳೋಣ ಎನ್ನುವುದು ಮೇಲು.

ಇನ್ನು ಚೌಕಾಸಿ. ಬಟ್ಟೆ ವ್ಯಾಪಾರಿಗೆ ಅದು ಉಸಿರಾಟದಷ್ಟು ಸಹಜ. "ಹನ್ನೆರಡಕ್ಕೆ ಮಾಡಿಕೊಡಿ ಮೇಡಂ" ಎಂಬ ಉತ್ತರ ಬಂದರೆ ದಿನದ ದರ ಇಳಿಸುವುದು ಅಪಾಯ. ಒಮ್ಮೆ ಇಳಿಸಿದರೆ ಮೊದಲಿನ 60,000ವೂ ಹೆಚ್ಚಾಗಿತ್ತೆಂದು ಅರ್ಥ. ಇಳಿಸಬೇಕಾದದ್ದು ಕೆಲಸವನ್ನು. "ಹೆಚ್ಚು ಓಡುವ 600 ಬಗೆಯನ್ನು ಮಾತ್ರ ನಾನು ಹಾಕಿ, ಒಂದು ದಿನ ಹುಡುಗರಿಗೆ ಕಲಿಸುತ್ತೇನೆ. ಉಳಿದದ್ದನ್ನು ಅವರೇ ಹಾಕಲಿ. ಐದು ದಿನ, 12,500 ರೂಪಾಯಿ, ಜಿಎಸ್‌ಟಿ ಬೇರೆ" ಎಂದು ಬರೆದರೆ ಮಾಲೀಕರು ಹೇಳಿದ ಮೊತ್ತಕ್ಕೂ ಹತ್ತಿರ, ದಿನಕ್ಕೆ ಅದೇ 2,500.