ಬರಿದಾದ ಅರಮನೆಯ ಮುಂದೆ ಒಂದು ರಥ, ಎರಡು ಕಾಲಾಳು

ಚೀನಾದ ಊರುಗಳಲ್ಲಿ ರಸ್ತೆಬದಿಗೆ ಮಣೆ ಹಾಸಿ, ಮುಗಿಯುವ ಹಂತಕ್ಕೆ ಬಂದ ಆಟವೊಂದನ್ನು ಜೋಡಿಸಿಟ್ಟು, ಹೋಗುಬರುವವರನ್ನು ಪಂಥಕ್ಕೆ ಕರೆಯುವ ಪದ್ಧತಿ ಬಹಳ ಹಳೆಯದು. ಅಂಥ ಅಂತ್ಯದಾಟಗಳಿಂದಲೇ ತುಂಬಿದ ಒಂದು ಸಂಗ್ರಹ 1801ರಲ್ಲೇ ಅಚ್ಚಾಗಿತ್ತು. ಈ ಜೋಡಣೆಗಳಲ್ಲಿ ಸಾಮಾನ್ಯವಾಗಿ ಎರಡೂ ಕಡೆಯವರು ಸೋಲಿನಿಂದ ಒಂದೇ ನಡೆಯಷ್ಟು ದೂರದಲ್ಲಿರುತ್ತಾರೆ. ಮೇಲುನೋಟಕ್ಕೆ ಗೆಲುವು ಕೈಯಲ್ಲೇ ಇರುತ್ತದೆ, ಒಂದು ನಡೆ ತಪ್ಪಿದರೆ ತಲೆ ಉರುಳುತ್ತದೆ. ಚೀನೀ ಚದುರಂಗ ಶಿಯಾಂಗ್‌ಚಿಯ ನಿಜವಾದ ಸ್ವಭಾವ ತಿಳಿಯಬೇಕಾದರೆ ಇಂಥದ್ದೊಂದು ಅಂತ್ಯದಾಟವನ್ನು ಕೊನೆಯವರೆಗೂ ನೋಡಬೇಕು. ಇಲ್ಲಿ ಕೆಂಪಿನವರ ಬಳಿ ಒಂದು ರಥ, ಎರಡು ಕಾಲಾಳುಗಳಿವೆ. ಕಪ್ಪಿನವರ ಅರಮನೆಯಲ್ಲಿ ಕಾವಲಿಗೆ ಯಾರೂ ಉಳಿದಿಲ್ಲ, ಹೊರಗೆ ಒಂದು ರಥ ಮಾತ್ರ ಇದೆ.

ಮೊದಲು ಮಣೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಇಲ್ಲಿ ಕಾಯಿಗಳು ಮನೆಗಳ ಒಳಗಲ್ಲ, ಗೆರೆಗಳು ಕೂಡುವ ಚುಕ್ಕಿಗಳ ಮೇಲೆ ಕೂರುತ್ತವೆ. ಉದ್ದಗೆರೆಗಳು 9, ಅಡ್ಡಗೆರೆಗಳು 10. ನಡುವೆ ಒಂದು ನದಿ. ಎರಡೂ ತುದಿಗಳಲ್ಲಿ ಒಂಬತ್ತು ಚುಕ್ಕಿಗಳ ಚೌಕವೊಂದಿದೆ, ಅದೇ ಅರಮನೆ. ಸೇನಾಪತಿ ಅದರೊಳಗೆ ಮಾತ್ರ, ಮುಂದೆ, ಹಿಂದೆ ಅಥವಾ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಇಡಬಲ್ಲ. ಆಟದ ಆರಂಭದಲ್ಲಿ ಅವನಿಗೆ ಇಬ್ಬರು ಅಂಗರಕ್ಷಕರು, ಎರಡು ಆನೆಗಳು ಇರುತ್ತವೆ. ಆನೆಗಳು ನದಿ ದಾಟುವುದಿಲ್ಲ, ಅಂಗರಕ್ಷಕರು ಅರಮನೆ ಬಿಡುವುದಿಲ್ಲ. ಈ ನಾಲ್ಕೂ ಹೋದ ಅರಮನೆಯೇ ಬರಿದಾದ ಅರಮನೆ. ರಥದ ನಡೆ ನಮ್ಮ ಚದುರಂಗದ ಆನೆಯ ನಡೆಯೇ. ಕಾಲಾಳು ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ನದಿ ದಾಟಿದ ಮೇಲೆ ಪಕ್ಕಕ್ಕೂ ಹೋಗಬಲ್ಲ, ಆದರೆ ಹಿಂದಕ್ಕೆ ಎಂದೂ ಇಲ್ಲ. ಹೊಡೆಯುವುದೂ ನಡೆಯುವ ದಿಕ್ಕಿನಲ್ಲೇ.

ಇವುಗಳ ಮೇಲೆ ಇನ್ನೆರಡು ನಿಯಮಗಳಿವೆ. ಅಂತ್ಯದಾಟದ ಬುದ್ಧಿಯೆಲ್ಲ ಅಡಗಿರುವುದು ಇವುಗಳಲ್ಲೇ. ಒಂದು, ಇಬ್ಬರು ಸೇನಾಪತಿಗಳೂ ಒಂದೇ ಉದ್ದಗೆರೆಯ ಮೇಲೆ, ನಡುವೆ ಯಾವ ಕಾಯಿಯೂ ಇಲ್ಲದೆ, ಎದುರುಬದುರು ನಿಲ್ಲುವಂತಿಲ್ಲ. ಅಂದರೆ ಅರಮನೆ ಬಿಟ್ಟು ಹೊರಬಾರದ ಸೇನಾಪತಿ, ತಾನು ನಿಂತ ಗೆರೆ ತೆರೆದಿದ್ದರೆ, ಅದರ ಆ ತುದಿಯವರೆಗೂ ಎದುರಾಳಿ ಸೇನಾಪತಿಯನ್ನು ತಡೆಯುತ್ತಾನೆ. ಎರಡು, ಆಡಲು ಯಾವ ನಡೆಯೂ ಉಳಿಯದವನು ಸೋತ. ಅಂತರರಾಷ್ಟ್ರೀಯ ಚೆಸ್‌ನಲ್ಲಿ ಚೆಕ್ ಇಲ್ಲದೆ ನಡೆ ಮುಗಿದರೆ ಆಟ ಡ್ರಾ. ಇಲ್ಲಿ ಅದು ಸೋಲು.

ಈ ಎರಡು ನಿಯಮ ಸೇರಿದರೆ ಒಬ್ಬನೇ ಕಾಲಾಳು ಒಂಟಿ ಸೇನಾಪತಿಯನ್ನು ಮಣಿಸಬಲ್ಲ. ಉದ್ದಗೆರೆಗಳನ್ನು ಕೆಂಪಿನವರ ಎಡದಿಂದ 1ರಿಂದ 9, ಅಡ್ಡಗೆರೆಗಳನ್ನು ಕೆಂಪಿನವರ ತುದಿಯಿಂದ 1ರಿಂದ 10 ಎಂದು ಎಣಿಸೋಣ. ಆಗ 5-9 ಎಂದರೆ ಐದನೇ ಉದ್ದಗೆರೆ, ಒಂಬತ್ತನೇ ಅಡ್ಡಗೆರೆ, ಅಂದರೆ ಕಪ್ಪು ಅರಮನೆಯ ನಟ್ಟನಡುವಿನ ಚುಕ್ಕಿ. ಕೆಂಪು ಕಾಲಾಳು ಅಲ್ಲಿ ಕೂತಿದ್ದಾನೆ, ಕೆಂಪು ಸೇನಾಪತಿ 5-1ರಲ್ಲಿದ್ದಾನೆ ಎನ್ನಿ. ಕಪ್ಪು ಸೇನಾಪತಿ 4-10ರಲ್ಲಿದ್ದರೆ ಪಕ್ಕದ 5-10 ಮತ್ತು ಕೆಳಗಿನ 4-9 ಎರಡೂ ಕಾಲಾಳಿನ ಹೊಡೆತದಲ್ಲಿವೆ. 4-8ರಲ್ಲಿದ್ದರೆ 4-9 ಕಾಲಾಳಿನದು, 5-8ಕ್ಕೆ ಬಂದರೆ ಕೆಂಪು ಸೇನಾಪತಿಗೆ ಎದುರಾಗುತ್ತಾನೆ. ಕಾಲಾಳನ್ನೇ ಹೊಡೆಯೋಣವೆಂದರೂ ಅದೇ ಅಡ್ಡಿ. ಕೆಂಪಿನವರು ತಮ್ಮ ಸೇನಾಪತಿಯನ್ನು 5-2ಕ್ಕೆ ಒಂದು ಹೆಜ್ಜೆ ಸರಿಸಿ ಕಾಯುತ್ತಾರೆ, ಅಷ್ಟೇ. ಕಪ್ಪಿಗೆ ನಡೆಯಿಲ್ಲ, ಆಟ ಮುಗಿಯಿತು.

ಆದ್ದರಿಂದಲೇ ರಥ ಮತ್ತು ಕಾಲಾಳು ಇರುವವರು ರಥಕ್ಕೆ ರಥ ಕೊಟ್ಟು ಹೊಡೆದುಕೊಳ್ಳಲು ಅಂಜುವುದಿಲ್ಲ. ಬರಿದಾದ ಅರಮನೆಯವರಿಗೆ ಆ ವಿನಿಮಯವೇ ಮರಣ.

ಈಗ ನಮ್ಮ ಜೋಡಣೆ. ಕೆಂಪು ಸೇನಾಪತಿ 4-1, ಕೆಂಪು ರಥ 8-2, ಕಾಲಾಳುಗಳು 4-9 ಮತ್ತು 6-9. ಕಪ್ಪು ಸೇನಾಪತಿ 5-10, ಕಪ್ಪು ರಥ 5-5. ಕೆಂಪಿನ ಅರಮನೆಯಲ್ಲೂ ಕಾವಲಿಲ್ಲ. ಈಗಿನ ನಡೆ ಕಪ್ಪಿನದು. ಮನೆಯಲ್ಲಿ ಶಿಯಾಂಗ್‌ಚಿ ಮಣೆ ಇಲ್ಲದಿದ್ದರೆ ಹಾಳೆಯ ಮೇಲೆ ಗೆರೆ ಎಳೆದು ಗುಂಡಿಗಳನ್ನಿಟ್ಟರೂ ಸಾಕು. ಕೈಯಲ್ಲಿ ಸರಿಸುತ್ತ ಓದಿದರೆ ಇದರ ಸೊಗಸು ತಿಳಿಯುತ್ತದೆ.

ಎರಡು ಕಾಲಾಳುಗಳು ಹೀಗೆ ಅರಮನೆಯ ಎರಡೂ ಪಕ್ಕಗಳಲ್ಲಿ ನಿಲ್ಲುವುದನ್ನು ಚೀನೀಯರು ‘ಎರಡು ದೆವ್ವಗಳು ಬಾಗಿಲು ಬಡಿಯುವುದು’ ಎನ್ನುತ್ತಾರೆ. ಹೆಸರಿಗೆ ತಕ್ಕ ಕೆಲಸವನ್ನೇ ಅವು ಮಾಡಿವೆ. ಕಪ್ಪು ಸೇನಾಪತಿ ಎಡಕ್ಕೆ 4-10ಕ್ಕೆ ಹೋಗುವಂತಿಲ್ಲ, ಬಲಕ್ಕೆ 6-10ಕ್ಕೆ ಹೋಗುವಂತಿಲ್ಲ, 5-9ಕ್ಕೆ ಇಳಿಯುವಂತೆಯೂ ಇಲ್ಲ. ಅವನು ಕಟ್ಟಿಹಾಕಿದಂತಿದ್ದಾನೆ. ಕೆಂಪು ರಥ 8-10ಕ್ಕೆ ಏರಿದರೆ ಅಲ್ಲಿಗೆ ಚೆಕ್‌ಮೇಟ್. ಕಪ್ಪಿಗೆ ಉಳಿದಿರುವುದು ಒಂದೇ ನಡೆಯ ಅವಕಾಶ, ಕೈಯಲ್ಲಿ ಒಂದೇ ರಥ.

ಆ ರಥದ ಅತ್ಯುತ್ತಮ ನಡೆ 4-5. ಕೆಂಪು ಸೇನಾಪತಿಗೆ ಚೆಕ್! ಇದು ಬರೀ ಬೆದರಿಕೆಯಲ್ಲ. ಕೆಂಪು ಸೇನಾಪತಿ 4-2ಕ್ಕೆ ಸರಿದರೂ ಅದೇ ಗೆರೆಯಲ್ಲಿರುತ್ತಾನೆ. 5-1ಕ್ಕೆ ಓಡೋಣವೆಂದರೆ, ಕಪ್ಪು ರಥ ಬಿಟ್ಟುಹೋದ ಐದನೇ ಗೆರೆ ತೆರೆದು, ಆ ತುದಿಯಲ್ಲಿ ಕಪ್ಪು ಸೇನಾಪತಿ ಕಾಯುತ್ತಿದ್ದಾನೆ. ಕಾಲಾಳುಗಳಿಂದ ಅಲ್ಲಾಡಲಾಗದ ಸೇನಾಪತಿಯೇ ಇಲ್ಲಿ ದಾಳಿಗೆ ಬೆಂಬಲ ಕೊಡುತ್ತಿದ್ದಾನೆ. ಕೆಂಪಿಗೆ ಉಳಿದ ದಾರಿ ಒಂದೇ, ರಥವನ್ನು 4-2ಕ್ಕೆ ತಂದು ಅಡ್ಡ ನಿಲ್ಲಿಸುವುದು.

ಅಡ್ಡಗೆರೆ 2ರ ಮಹತ್ವ ತಿಳಿಯುವುದು ಇಲ್ಲಿ. ಕೆಂಪು ರಥ ಅದೇ 8ನೇ ಉದ್ದಗೆರೆಯಲ್ಲಿ, ಆದರೆ ಮೂರನೇ ಅಡ್ಡಗೆರೆಯಲ್ಲಿ ಇದ್ದಿದ್ದರೆ 4-3ಕ್ಕೆ ಬಂದು ಅಡ್ಡ ನಿಲ್ಲಬೇಕಿತ್ತು. ಅಲ್ಲಿ ಅದಕ್ಕೆ ಸೇನಾಪತಿಯ ಆಸರೆಯಿಲ್ಲ. ಕಪ್ಪು ರಥ ಅದನ್ನು ಹೊಡೆದು ಮತ್ತೆ ಚೆಕ್ ಕೊಟ್ಟರೆ ಸೋಲುವುದು ಕೆಂಪು. ನಾಲ್ಕನೇ ಅಡ್ಡಗೆರೆಯಲ್ಲಿದ್ದರೂ ಅದೇ ಗತಿ. ಒಂದನೆಯದರಲ್ಲೋ ಆರನೆಯದರಲ್ಲೋ ಇದ್ದಿದ್ದರೆ ಅಡ್ಡ ಬರಲೂ ಆಗದೆ ಮೊದಲ ಚೆಕ್ಕೇ ಮೇಟ್ ಆಗುತ್ತಿತ್ತು. ಎಷ್ಟೇ ದೊಡ್ಡ ದಾಳಿ ಕಟ್ಟಿದ್ದರೂ ನಿಮ್ಮ ಸೇನಾಪತಿಯ ಕಡೆಗೆ ಎದುರಾಳಿ ಕೊಡಬಹುದಾದ ಚೆಕ್‌ಗಳನ್ನು ಮೊದಲು ಎಣಿಸಬೇಕು ಎಂದು ಪಳಗಿದ ಆಟಗಾರರು ಹೇಳುವುದು ಇದಕ್ಕೇ.

ಈಗ ರಥ 4-2ರಲ್ಲಿದೆ, ಹಿಂದೆ ಸೇನಾಪತಿಯ ಬೆಂಬಲವಿದೆ. ಕಪ್ಪು ರಥ ಅದನ್ನು ಹೊಡೆದರೆ ಕೆಂಪು ಸೇನಾಪತಿ ತಿರುಗಿ ಹೊಡೆಯುತ್ತಾನೆ. ಆಗ ಕಪ್ಪಿನ ಬಳಿ ಉಳಿಯುವುದು ಅಲ್ಲಾಡಲಾಗದ ಸೇನಾಪತಿ ಮಾತ್ರ. ನಡೆಯಿಲ್ಲ, ಸೋಲು. ಅದರ ಬದಲು ಮೇಲಕ್ಕೆ ಹೋಗಿ 4-9ರ ಕಾಲಾಳನ್ನು ಹೊಡೆದರೆ? ಕೆಂಪು ರಥ ಅದೇ ಗೆರೆಯಲ್ಲಿ ಏರಿ ಕಪ್ಪು ರಥವನ್ನು ಹೊಡೆಯುತ್ತದೆ. ಮತ್ತೆ ಕಪ್ಪಿಗೆ ನಡೆಯಿಲ್ಲ. ಚೆಸ್ ಕಲಿತವರ ಕಣ್ಣಿಗೆ ಈ ಎರಡೂ ಕಡೆ ಡ್ರಾ ಕಾಣುತ್ತದೆ. ಅದಕ್ಕೇ ಚೆಸ್‌ನಿಂದ ಬಂದವರಿಗೆ ಇಂಥ ಗೆಲುವುಗಳು ಹೊಳೆಯುವುದು ತಡವಾಗಿ.

ಹಾಗಾಗಿ ಕಪ್ಪಿನವರ ಬುದ್ಧಿವಂತಿಕೆಯ ನಡೆ, ರಥವನ್ನು ಮತ್ತೆ 5-5ಕ್ಕೆ ತರುವುದು. ಇದರಲ್ಲಿ ಒಂದು ವಿಷವಿದೆ. ಮುಂದಿನ ನಡೆಯಲ್ಲಿ ಆ ರಥ 5-1ಕ್ಕೆ ಇಳಿದರೆ ಕೆಂಪು ಸೇನಾಪತಿಗೆ ಮೇಟ್. ಮೇಲಿನ ಚುಕ್ಕಿಯಲ್ಲಿ ಸ್ವಂತ ರಥವೇ ಕೂತಿದೆ. ಪಕ್ಕದ ಕಪ್ಪು ರಥವನ್ನು ಹೊಡೆದರೆ ಐದನೇ ಗೆರೆಯಲ್ಲಿ ಸೇನಾಪತಿಗಳು ಎದುರಾಗುತ್ತಾರೆ. ಕೆಂಪು ರಥವನ್ನು 8-2ಕ್ಕೇ ಹಿಂದಿರುಗಿಸಿದರೆ ಕಪ್ಪು ಮತ್ತೆ 4-5ರಿಂದ ಚೆಕ್ ಕೊಡುತ್ತದೆ. ಆಟ ಸುತ್ತುತ್ತಲೇ ಇರುತ್ತದೆ.

ಗೆಲುವು ಬೇರೆ ಕಡೆಯಿದೆ. ಎಡಗಡೆಯ ಕಾಲಾಳನ್ನು 4-9ರಿಂದ 5-9ಕ್ಕೆ ನುಗ್ಗಿಸಬೇಕು. ಚೆಕ್! ಸೇನಾಪತಿ ಅವನನ್ನು ಹೊಡೆಯುವಂತಿಲ್ಲ, 6-9ರ ಕಾಲಾಳು ಕಾಯುತ್ತಿದ್ದಾನೆ. 6-10ಕ್ಕೆ ಸರಿಯುವಂತಿಲ್ಲ, ಅದೂ ಅವನ ಹೊಡೆತದಲ್ಲಿದೆ. 4-10ಕ್ಕೂ ಹೋಗುವಂತಿಲ್ಲ. ಕಾಲಾಳು ಸರಿದೊಡನೆ ನಾಲ್ಕನೇ ಉದ್ದಗೆರೆ ಪೂರ್ತಿ ತೆರೆದು, 4-2ರ ಕೆಂಪು ರಥ ಕೊನೆಯವರೆಗೂ ಅದನ್ನು ಆಳುತ್ತಿದೆ. ಕಪ್ಪಿಗೆ ಉಳಿದ ಒಂದೇ ನಡೆ, ರಥ 5-5ರಿಂದ ಏರಿ 5-9ರ ಕಾಲಾಳನ್ನು ಹೊಡೆಯುವುದು.

ಆಗ ಕೆಂಪು ರಥ 4-2ರಿಂದ ನೇರ 4-10ಕ್ಕೆ, ಕಪ್ಪು ಸೇನಾಪತಿಯ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಮೇಟ್. ಕೈಗೆಟುಕುವ ದೂರದಲ್ಲಿರುವ ರಥವನ್ನು ಅವನು ಏಕೆ ಹೊಡೆಯಬಾರದು? ನಾಲ್ಕನೇ ಗೆರೆಯಲ್ಲಿ ಈಗ ಬೇರೆ ಕಾಯಿಯಿಲ್ಲ, ಅದರ ಕೆಳತುದಿಯಲ್ಲಿ ಕೆಂಪು ಸೇನಾಪತಿ ನಿಂತಿದ್ದಾನೆ. ಮೊದಲಿನಿಂದಲೂ 4-1ರಲ್ಲಿದ್ದು, ಒಂದೂ ಹೆಜ್ಜೆ ಇಡದೆ, ಆ ರಥಕ್ಕೆ ಬೆನ್ನು ಕೊಟ್ಟವನು ಅವನೇ. 5-9ಕ್ಕೆ ಇಳಿಯೋಣವೆಂದರೆ ಅಲ್ಲಿ ಕಪ್ಪಿನ ರಥವೇ ಜಾಗ ಹಿಡಿದಿದೆ. 6-10 ಇನ್ನೂ ಬಲಗಡೆಯ ಕಾಲಾಳಿನ ವಶದಲ್ಲಿದೆ. ಒಂದು ರಥ, ಬದುಕುಳಿದ ಒಬ್ಬ ಕಾಲಾಳು, ದೂರದಲ್ಲಿ ನಿಂತ ಸೇನಾಪತಿ ಮೂವರೂ ಬೇಕಾದ ಮೇಟ್ ಇದು. ನನಗೆ ಶಿಯಾಂಗ್‌ಚಿಯಲ್ಲಿ ಇದಕ್ಕಿಂತ ಇಷ್ಟವಾದ ಹೆಣಿಗೆ ಇಲ್ಲ.

ಕಪ್ಪಿನವರು ಮೊದಲ ನಡೆಯನ್ನೇ ಬದಲಿಸಿ 5-1ರಿಂದ ಚೆಕ್ ಕೊಟ್ಟಿದ್ದರೆ ಕೆಂಪು ಸೇನಾಪತಿ 4-2ಕ್ಕೆ ಏರುತ್ತಾನೆ. ಅಲ್ಲಿಂದ 5-2ಕ್ಕೆ ಬಂದು ಮತ್ತೆ ಚೆಕ್ ಕೊಟ್ಟರೆ 8-2ರ ಕೆಂಪು ರಥ ಅಡ್ಡಗೆರೆಯಲ್ಲಿ ಬಂದು ಅದನ್ನು ಹೊಡೆಯುತ್ತದೆ. ಆ ಹೊಡೆತವೇ ಮೇಟ್.

ಇಷ್ಟೆಲ್ಲ ನಡೆಯುವುದು ಕಾಲಾಳುಗಳು ಒಂಬತ್ತನೇ ಅಡ್ಡಗೆರೆಯಲ್ಲಿ ನಿಂತಿರುವುದರಿಂದ. ಹೊಸಬರು ಉತ್ಸಾಹದಲ್ಲಿ ಅವರನ್ನು ಹತ್ತಕ್ಕೆ ತಳ್ಳಿಬಿಡುತ್ತಾರೆ. ಶಿಯಾಂಗ್‌ಚಿಯಲ್ಲಿ ಕಾಲಾಳಿಗೆ ಬಡ್ತಿಯಿಲ್ಲ. ಕೊನೆಯ ಗೆರೆ ಮುಟ್ಟಿದವನು ಅಲ್ಲೇ ಎಡಬಲಕ್ಕೆ ಸರಿದಾಡುತ್ತ ಉಳಿಯುತ್ತಾನೆ, ಮುಂದಕ್ಕೆ ಹೊಡೆಯುವ ಶಕ್ತಿ ಹೋಗಿರುತ್ತದೆ. ಅಂಥ ಒಬ್ಬನೇ ಕಾಲಾಳು ಉಳಿದು ರಥಗಳ ವಿನಿಮಯವಾದರೆ ಕಪ್ಪು ಸೇನಾಪತಿ ಎಂಟು ಮತ್ತು ಒಂಬತ್ತನೇ ಅಡ್ಡಗೆರೆಗಳ ನಡುವೆ ಏರಿಳಿಯುತ್ತ ಡ್ರಾ ಮಾಡಿಕೊಳ್ಳುತ್ತಾನೆ. ರಥ ಕೊಟ್ಟು ರಥ ತೆಗೆದುಕೊಳ್ಳುವ ಮುನ್ನ ನೋಡಬೇಕಾದದ್ದು, ಕಾಲಾಳಿನ ಮುಂದೆ ಇನ್ನೂ ಒಂದು ಅಡ್ಡಗೆರೆ ಉಳಿದಿದೆಯೇ ಎಂಬುದನ್ನು.